ನಿಷೇಧ ಮುಂದೆ ಬಂದಾಗ ತಿರುಗುವ ಇಂಗ್ಲಿಷ್ ವಾಕ್ಯ

‘ಐ ಹ್ಯಾವ್ ನೆವರ್ ಸೀನ್ ಸಚ್ ರೇನ್’ ಎಂಬುದು ಇಂಗ್ಲಿಷಿನ ಸಾಧಾರಣ ವಾಕ್ಯ. ಒತ್ತು ಕೊಡಲೆಂದು ಅದರ ‘ನೆವರ್’ ಪದವನ್ನು ಮೊದಲಿಗೆ ತಂದರೆ ಉಳಿದ ಪದಗಳು ಇದ್ದಂತೆಯೇ ಇರುವುದಿಲ್ಲ. ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬಂದು ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್’ ಎಂದಾಗುತ್ತದೆ. ಪ್ರಶ್ನೆ ಕೇಳುವಾಗ ಆಗುವ ಅದಲುಬದಲೇ ಇದು. ಕನ್ನಡದಲ್ಲಿ ‘ಇಂಥ ಮಳೆ ನಾನು ಎಂದೂ ನೋಡಿಲ್ಲ’, ‘ಎಂದೂ ನಾನು ಇಂಥ ಮಳೆ ನೋಡಿಲ್ಲ’ ಎರಡೂ ಸಲ್ಲುತ್ತವೆ. ‘ಎಂದೂ’ ಜಾಗ ಬದಲಿಸಿದರೂ ‘ನೋಡಿಲ್ಲ’ ಕದಲುವುದಿಲ್ಲ. ಆ ರೂಢಿಯಲ್ಲಿ ಬರೆಯುವವರ ಕೈಯಿಂದ ‘ನೆವರ್ ಐ ಹ್ಯಾವ್ ಸೀನ್’ ಎಂಬ ತಪ್ಪು ಸುಲಭವಾಗಿ ಬಂದುಬಿಡುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಬೇರೊಂದು ಪದ ವಾಕ್ಯದ ಮೊದಲಿಗೆ ಬಂದರೆ ಕ್ರಿಯಾಪದ ಅನೇಕ ಸಲ ಅದರ ಬೆನ್ನಿಗೇ ನಿಲ್ಲುತ್ತಿತ್ತು. ಜರ್ಮನ್, ಡಚ್ ಭಾಷೆಗಳಲ್ಲಿ ಇಂದಿಗೂ ಅದೇ ಕ್ರಮ. ಇಂಗ್ಲಿಷ್ ಆ ಪದ್ಧತಿಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತಾದರೂ ನಿಷೇಧದ ಜೊತೆ ಅದು ಉಳಿದುಕೊಂಡಿತು.

ವಾಕ್ಯದಲ್ಲಿ ಸಹಾಯಕ ಕ್ರಿಯಾಪದವೇ ಇಲ್ಲದಿದ್ದರೆ ‘ಡು’ ಬಂದು ಆ ಕೆಲಸ ಮಾಡುತ್ತದೆ. ‘ಶಿ ರೇರ್ಲಿ ಕಂಪ್ಲೇನ್ಸ್’ ಎಂಬುದು ‘ರೇರ್ಲಿ ಡಸ್ ಶಿ ಕಂಪ್ಲೇನ್’ ಎಂದಾಗುತ್ತದೆ. ಮೂಲ ಕ್ರಿಯಾಪದದ ಕೊನೆಯ ‘ಸ್’ ಈಗ ‘ಡಸ್’ನೊಳಗೆ ಸೇರಿದೆ, ಅದನ್ನು ಎರಡೂ ಕಡೆ ಉಳಿಸಬಾರದು.

ನಿಜವಾದ ತೊಡಕು ಇರುವುದು ಬೇರೆ ಕಡೆ. ನಿಷೇಧದ ಪದ ಮುಂದೆ ಬಂದ ಮಾತ್ರಕ್ಕೆ ವಾಕ್ಯ ತಿರುಗುವುದಿಲ್ಲ. ಆ ನಿಷೇಧ ಇಡೀ ವಾಕ್ಯಕ್ಕೆ ತಟ್ಟಬೇಕು. ‘ಇನ್ ನೋ ಟೈಮ್ ಹಿ ಸೈನ್ಡ್’ ಎಂದರೆ ಆತ ಚಿಟಿಕೆ ಹೊಡೆಯುವಷ್ಟರಲ್ಲಿ ಸಹಿ ಹಾಕಿದ. ‘ಅಟ್ ನೋ ಟೈಮ್ ಡಿಡ್ ಹಿ ಸೈನ್’ ಎಂದರೆ ಆತ ಯಾವತ್ತೂ ಸಹಿ ಹಾಕಲೇ ಇಲ್ಲ. ಎರಡರಲ್ಲೂ ‘ನೋ ಟೈಮ್’ ಇದೆ, ಆದರೆ ಮೊದಲನೆಯದರಲ್ಲಿ ‘ನೋ’ ಆ ಪದಗುಚ್ಛದೊಳಗೇ ಮುಗಿದುಹೋಗಿದೆ. ಅನುಮಾನ ಬಂದಾಗ ನಿಷೇಧವನ್ನು ಕ್ರಿಯಾಪದದ ಬಳಿಗೆ ಮರಳಿಸಿ ನೋಡಬೇಕು. ‘ಹಿ ಡಿಡ್ ನಾಟ್ ಸೈನ್ ಅಟ್ ಎನಿ ಟೈಮ್’ ಎಂದರೆ ಅರ್ಥ ಕೆಡುವುದಿಲ್ಲ. ಆದ್ದರಿಂದ ಅಲ್ಲಿ ತಿರುವು ಬೇಕು. ‘ಇನ್ ನೋ ಟೈಮ್’ ಅನ್ನು ಹೀಗೆ ಬಿಡಿಸಲು ಹೋದರೆ ಸಹಿ ಹಾಕಿದವನು ಹಾಕದವನಾಗುತ್ತಾನೆ.

‘ನಾಟ್ ಅಂಟಿಲ್’ನಲ್ಲಿ ಪಳಗಿದವರೂ ಎಡವುತ್ತಾರೆ. ‘ದ ಮ್ಯಾಚ್ ಡಿಡ್ ನಾಟ್ ಬಿಗಿನ್ ಅಂಟಿಲ್ ದ ರೇನ್ ಸ್ಟಾಪ್ಡ್’ ಎಂಬುದನ್ನು ತಿರುಗಿಸಿದರೆ ‘ನಾಟ್ ಅಂಟಿಲ್ ದ ರೇನ್ ಸ್ಟಾಪ್ಡ್ ಡಿಡ್ ದ ಮ್ಯಾಚ್ ಬಿಗಿನ್’ ಎಂದಾಗುತ್ತದೆ. ಮಳೆಯ ಉಪವಾಕ್ಯ ನೇರವಾಗಿಯೇ ಇರುತ್ತದೆ, ತಿರುಗುವುದು ಪಂದ್ಯದ ವಾಕ್ಯ. ‘ನಾಟ್ ಅಂಟಿಲ್’ ಕಂಡೊಡನೆ ಅದರ ಪಕ್ಕದಲ್ಲೇ ‘ಡಿಡ್’ ಇಟ್ಟುಬಿಡುವುದು ತಪ್ಪು.

ನಿಷೇಧ ಕರ್ತೃವಿನಲ್ಲೇ ಇದ್ದರೆ ಯಾವ ಪದವೂ ಜರುಗಬೇಕಿಲ್ಲ. ‘ನಾಟ್ ಎ ಸಿಂಗಲ್ ಸ್ಟೂಡೆಂಟ್ ಕೇಮ್’ ಎಂಬಲ್ಲಿ ಕರ್ತೃ ತನ್ನ ಸಹಜ ಸ್ಥಾನದಲ್ಲೇ ಇದೆ. ಮುಂದಕ್ಕೆ ಎಳೆದು ತಂದದ್ದು ಏನೂ ಇಲ್ಲ.