2.4.1 ಯಾರಿಗೆ, 57 ಯಾರಿಗೆ?

ಆ್ಯಪ್ ಕೈಕೊಟ್ಟಿತು ಎಂದು ದೂರು ಕೊಟ್ಟರೆ ಮೊದಲು ಬರುವ ಪ್ರಶ್ನೆ, ‘ನಿಮ್ಮದು ಯಾವ ವರ್ಷನ್?’ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಹುಡುಕಿದರೆ ಹಲವು ಆ್ಯಪ್‌ಗಳಲ್ಲಿ 2.4.1 (57) ಎಂಬಂಥದ್ದೇನೋ ಕಾಣುತ್ತದೆ. ಮೊದಲನೆಯದು ವರ್ಷನ್ ಸಂಖ್ಯೆ, ಆವರಣದಲ್ಲಿರುವುದು ಬಿಲ್ಡ್ ಸಂಖ್ಯೆ. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಇವೆರಡನ್ನೂ ಹೀಗೆ ನಮೂದಿಸುತ್ತಾರೆ:

```
versionCode = 57
versionName = "2.4.1"
```

ಬಸ್ ಟಿಕೆಟ್‌ನ ಆ್ಯಪ್ ಒಂದಿದೆ ಎಂದುಕೊಳ್ಳೋಣ. ಜನರ ಫೋನಿನಲ್ಲಿರುವುದು 2.4.0, ಬಿಲ್ಡ್ 54. ಹಣ ಕಟ್ಟುವಾಗ ನೆಟ್‌ವರ್ಕ್ ಹೋದರೆ ಅದರಲ್ಲಿ ಟಿಕೆಟ್ ಕಾಣುವುದಿಲ್ಲ. ಇದನ್ನು ಸರಿಪಡಿಸಿ ಬಿಲ್ಡ್ 55 ಮಾಡಿ ಪರೀಕ್ಷಕರಿಗೆ ಕೊಟ್ಟರು. ಹಳೆಯ ಫೋನುಗಳಲ್ಲಿ ಅದು ತೆರೆಯಲೇ ಇಲ್ಲ. 56ರಲ್ಲಿ ಊರ ಹೆಸರುಗಳ ಒತ್ತಕ್ಷರ ಒಡೆದುಹೋಯಿತು. 57 ಸರಿಹೋಯಿತು. ಮೂರರ ಹೆಸರೂ 2.4.1. ಹಾಗಾಗಿ ಪರೀಕ್ಷಕರು ‘2.4.1 ತೆರೆಯುತ್ತಿಲ್ಲ’ ಎಂದಷ್ಟೇ ಹೇಳಿದರೆ ಯಾವುದೆಂದು ತಿಳಿಯುವುದಿಲ್ಲ, ‘55’ ಎಂದರೆ ತಿಳಿಯುತ್ತದೆ.

ವರ್ಷನ್ ಹೆಸರು ಮನುಷ್ಯರಿಗಾಗಿ. ಅದು ದಶಮಾಂಶವೂ ಅಲ್ಲ: 2.9ರ ನಂತರ 2.10 ಬರಬಹುದು. ಹೊಸದು ಯಾವುದು, ಹಳೆಯದು ಯಾವುದು ಎಂದು ಫೋನು ನಿರ್ಧರಿಸುವುದು ಬಿಲ್ಡ್ ಸಂಖ್ಯೆ ನೋಡಿ ಮಾತ್ರ. ಅದು ಏರುತ್ತಲೇ ಇರಬೇಕು. 57ರಲ್ಲಿ ದೊಡ್ಡ ಎಡವಟ್ಟಾದರೆ 54ನ್ನು ಅದರ ಮೇಲೆ ಅಪ್‌ಡೇಟ್ ಆಗಿ ಕಳಿಸಲಾಗದು. ಅದೇ ಹಳೆಯ ಕೋಡಿಗೆ 58 ಎಂಬ ಸಂಖ್ಯೆ ಕೊಟ್ಟು ಕಳಿಸಬೇಕು. ಪ್ಲೇ ಸ್ಟೋರ್ ಒಪ್ಪುವ ಗರಿಷ್ಠ ಸಂಖ್ಯೆ 2100000000. ಕೈತಪ್ಪಿ ಅದನ್ನೇ ಹಾಕಿ ಬಿಡುಗಡೆ ಮಾಡಿದರೆ ಮುಂದೆ ಏರಲು ಮೆಟ್ಟಿಲೇ ಉಳಿಯದು.

‘ಹೊಸದೇನು’ ಟಿಪ್ಪಣಿ ಕೆಡುವುದೂ ಈ ಎರಡು ಲೆಕ್ಕಗಳು ಬೆರೆತಾಗಲೇ. ತಂಡದ ದಿನಚರಿಯಲ್ಲಿ 55, 56, 57ರ ತಿದ್ದುಪಡಿಗಳೆಲ್ಲ ಇರುತ್ತವೆ. ಅದನ್ನೇ ನಕಲು ಮಾಡಿದರೆ ‘ಒತ್ತಕ್ಷರ ಸರಿಪಡಿಸಲಾಗಿದೆ’ ಎಂಬ ಸಾಲೂ ಬರುತ್ತದೆ. ಜನರು ಆ ತಪ್ಪನ್ನು ನೋಡಿಯೇ ಇಲ್ಲ! ಇಲ್ಲವೇ ಬೇಸತ್ತು, ‘ದೋಷ ನಿವಾರಣೆ ಮತ್ತು ಸುಧಾರಣೆಗಳು’ ಎಂದು ಕೈತೊಳೆದುಕೊಳ್ಳುತ್ತಾರೆ. ಅದು ಯಾವ ಆ್ಯಪ್‌ಗಾದರೂ ಹೊಂದುವ ಮಾತು.

ಹೋಲಿಸಬೇಕಾದದ್ದು ಜನರ ಕೈಯಲ್ಲಿರುವ 54ನ್ನು, ಅವರಿಗೆ ಸಿಗಲಿರುವ 57ರೊಂದಿಗೆ. ಪ್ಲೇ ಸ್ಟೋರ್‌ನಲ್ಲಿ ಒಂದು ಭಾಷೆಗೆ 500 ಅಕ್ಷರಗಳಷ್ಟೇ ಜಾಗ. ಅವರಿಗಾಗಿದ್ದ ತೊಂದರೆಯಿಂದಲೇ ಶುರುಮಾಡಬೇಕು:

‘ಹಣ ಕಡಿತವಾದರೂ ಕೆಲವರಿಗೆ ಟಿಕೆಟ್ ಕಾಣುತ್ತಿರಲಿಲ್ಲ. ಈಗ ಸರಿಯಾಗಿದೆ. ನಿಮಗೂ ಹೀಗಾಗಿದ್ದರೆ ಅಪ್‌ಡೇಟ್ ಮಾಡಿ “ನನ್ನ ಟಿಕೆಟ್” ತೆರೆಯಿರಿ. ಟಿಕೆಟ್ ರದ್ದು ಮಾಡಿದವರಿಗೆ ಹಣ ಮರಳಿದ್ದು ಇಲ್ಲಿ ಇನ್ನೂ ಕಾಣುವುದಿಲ್ಲ. ಬ್ಯಾಂಕ್ ಖಾತೆಯಲ್ಲಿ ನೋಡಿಕೊಳ್ಳಿ.’

ಇದರಲ್ಲಿ ‘ಸರ್ವರ್’ ಇಲ್ಲ, ‘ಟೈಮ್‌ಔಟ್’ ಇಲ್ಲ, 55 ಮತ್ತು 56ರ ಕಥೆಯೂ ಇಲ್ಲ. ಹಣ ಹೋದವನು ಹುಡುಕುತ್ತಿದ್ದ ಸಾಲು ಮೊದಲಲ್ಲೇ ಇದೆ.