ಮಾಸಿಕ ಗಮಕವಾಚನ: ಹೊಸಬರಿಗೊಂದು ಮಾತು

ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ ನಮ್ಮ ಗ್ರಂಥಾಲಯದಲ್ಲಿ ನಡೆಯುವ ಗಮಕವಾಚನಕ್ಕೆ, ಕುಮಾರವ್ಯಾಸ ಭಾರತದ ಒಂದು ಪದ್ಯವನ್ನೂ ಈವರೆಗೆ ಓದದವರು ಸಹ ನಿಸ್ಸಂಕೋಚವಾಗಿ ಬರಬಹುದು. ಏಕೆಂದರೆ ಗಮಕಿಗಳು ರಾಗವಾಗಿ ವಾಚಿಸಿದ ಪದ್ಯಗಳ ಅರ್ಥವನ್ನು ಪಕ್ಕದಲ್ಲಿಯೇ ಕುಳಿತ ವ್ಯಾಖ್ಯಾನಕಾರರು ಆಡುಮಾತಿನಲ್ಲಿ ಬಿಡಿಸಿ ಹೇಳುವರು.

ಆ ಕಾವ್ಯದ ಛಂದಸ್ಸು ಭಾಮಿನೀ ಷಟ್ಪದಿ. ಅದರ ಆರು ಪಾದಗಳ ಪೈಕಿ 1, 2, 4, 5ನೆಯವುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಜೊತೆಯಾಗಿ ಎರಡು ಸಲ ಬಂದು 14 ಮಾತ್ರೆಗಳಾಗುವುವು. 3 ಮತ್ತು 6ನೆಯವುಗಳಲ್ಲಿ ಅದೇ ಜೊತೆ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ, 23 ಆಗುವುವು.

ಹೊಸಬರು ಎಡವುವುದು ಇಲ್ಲಿಯೇ: ಪಾದ ಮುಗಿದಲ್ಲೆಲ್ಲ ಉಸಿರು ನಿಲ್ಲಿಸಿದರೆ, ಮುಂದಿನ ಪಾದಕ್ಕೆ ಹರಿಯಬೇಕಾದ ಪದವು ನಡುವೆಯೇ ತುಂಡಾಗಿ ಕೇಳುವವರಿಗೆ ಅರ್ಥ ತಪ್ಪುವುದು. ಆದುದರಿಂದ, ಮೊದಲು ಸಂಧಿಯನ್ನು ಬಿಡಿಸಿಕೊಂಡು, ಅರ್ಥ ನಿಲ್ಲುವೆಡೆ ಪೆನ್ಸಿಲಿನಿಂದ ಸಣ್ಣ ಗೆರೆಯೆಳೆದು, ಒಮ್ಮೆ ಗದ್ಯದಂತೆ ಓದಿನೋಡಿದ ತರುವಾಯವೇ ರಾಗಕ್ಕೆ ತೊಡಗುವುದು ಕ್ರಮ.

ಪ್ರವೇಶ ಉಚಿತ, ಪ್ರತಿಗಳು ಅಲ್ಲಿಯೇ ದೊರೆಯುವುವು, ಇಚ್ಛೆಯುಳ್ಳವರು ಕೊನೆಯಲ್ಲಿ ಒಂದು ಪದ್ಯ ಓದಬಹುದು, ಸುಮ್ಮನೆ ಕೇಳುತ್ತ ಕುಳಿತರೂ ಆಕ್ಷೇಪವಿಲ್ಲ.