ತಪ್ಪು ಖಾತೆಗೆ ಜಮೆಯಾದ ಹಣ: ಬ್ಯಾಂಕು ಏನು ಮಾಡಬಲ್ಲದು?

ಸೂಲಿಬೆಲೆ ಹೋಬಳಿಯ ರೇಷ್ಮೆ ಬೆಳೆಗಾರರೊಬ್ಬರು ವಿಜಯಪುರದ ಚಾಕಿ ಕೇಂದ್ರಕ್ಕೆ ಹುಳುವಿನ ಬಾಬ್ತು 12,000 ರೂಪಾಯಿ ಕಳುಹಿಸಬೇಕಾಗಿದೆ ಎಂದು ಭಾವಿಸೋಣ. ಬ್ಯಾಂಕಿಗೆ ಹೋಗಿ ನೆಫ್ಟ್ ಚಲನ್ ತುಂಬುತ್ತಾರೆ. ಖಾತೆ ಸಂಖ್ಯೆಯ ಕೊನೆಯಲ್ಲಿ 4738 ಎಂದು ಇರಬೇಕಾದಲ್ಲಿ 4783 ಎಂದು ಬರೆಯುತ್ತಾರೆ. ಹೆಸರನ್ನು ಮಾತ್ರ ಸರಿಯಾಗಿಯೇ ಬರೆದಿದ್ದಾರೆ. ನಾಲ್ಕು ದಿನ ಕಳೆದ ಮೇಲೆ ಚಾಕಿ ಕೇಂದ್ರದವರು ಹಣ ಬಂದಿಲ್ಲವೆಂದು ಹೇಳಿ ಕಳುಹಿಸುತ್ತಾರೆ.

ಹೆಸರು ಸರಿಯಿದ್ದುದರಿಂದ ಬ್ಯಾಂಕು ಹಣವನ್ನು ತಡೆಯಬೇಕಾಗಿತ್ತು ಎಂದು ರೈತರಿಗೆ ಅನಿಸುವುದು ಸಹಜ. ಆದರೆ ಗಣಕಯಂತ್ರದ ಮೂಲಕ ಹೋಗುವ ಹಣ ಹೆಸರನ್ನು ನೋಡುವುದಿಲ್ಲ, ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಜಮೆ ಮಾಡಬಹುದು, ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳುಹಿಸುವವರದು ಎಂದು ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್‌ನಲ್ಲಿಯೇ ತಿಳಿಸಿದೆ. 4783ರ ಖಾತೆ ಎಲ್ಲಿಯೂ ಇಲ್ಲದಿದ್ದರೆ ಚಿಂತೆಯಿಲ್ಲ; ನೆಫ್ಟ್‌ನಲ್ಲಿ ಅಂತಹ ಹಣ ಸುಮಾರು ಎರಡು ಗಂಟೆಯೊಳಗೆ ತಾನಾಗಿ ಹಿಂದಿರುಗಬೇಕು. ತೊಂದರೆ ಬರುವುದು ಆ ಸಂಖ್ಯೆಯ ಖಾತೆ ನಿಜವಾಗಿಯೂ ಬೇರೊಬ್ಬರ ಹೆಸರಿನಲ್ಲಿ ಇದ್ದಾಗ.

ಇಲ್ಲಿ ಮೊದಲು ನೋಡಬೇಕಾದುದು ತಪ್ಪು ಯಾರ ಕೈಯಿಂದ ಆಯಿತು ಎಂಬುದನ್ನು. ಚಲನ್‌ನಲ್ಲಿ 4738 ಎಂದೇ ಇದ್ದು ಬ್ಯಾಂಕಿನ ಗುಮಾಸ್ತರು 4783 ಎಂದು ಒತ್ತಿದ್ದರೆ, ಅದನ್ನು ಸರಿಪಡಿಸುವ ಹೊಣೆ ಬ್ಯಾಂಕಿನದೇ. ಇದನ್ನು ತೋರಿಸಿಕೊಡುವ ಸಾಕ್ಷಿ ಮುದ್ರೆ ಬಿದ್ದ ಚಲನ್ ಪ್ರತಿಯೊಂದೇ. ಹಲವರು ಅದನ್ನು ಅಂಗಿಯ ಜೇಬಿನಲ್ಲಿಟ್ಟು ಒಗೆಯಲು ಹಾಕಿಬಿಡುತ್ತಾರೆ!

ತಪ್ಪು ರೈತರದೇ ಆಗಿದ್ದರೆ ಬ್ಯಾಂಕಿನ ಕೈ ಕಟ್ಟಿದಂತೆ. ಒಮ್ಮೆ ಜಮೆಯಾದ ಹಣವನ್ನು ಆ ಖಾತೆದಾರರ ಒಪ್ಪಿಗೆಯಿಲ್ಲದೆ ಹಿಂದಕ್ಕೆ ತೆಗೆಯಲು ಅದಕ್ಕೆ ಅಧಿಕಾರವಿಲ್ಲ. ಅವರ ಹೆಸರು, ವಿಳಾಸಗಳನ್ನೂ ಅದು ಕೊಡುವುದಿಲ್ಲ. ನಿಷ್ಠುರವೆನಿಸಿದರೂ, ಇದೇ ನಿಯಮ ನಾಳೆ ರೈತರ ಸ್ವಂತ ಖಾತೆಯನ್ನೂ ಕಾಯುತ್ತದೆ. ಬ್ಯಾಂಕು ಮಾಡಬಲ್ಲದ್ದು ಇಷ್ಟು: ಹಣ ಪಡೆದ ಶಾಖೆಗೆ ಬರೆದು, ಅದರ ಮೂಲಕ ಖಾತೆದಾರರನ್ನು ಸಂಪರ್ಕಿಸಿ, ಹಿಂದಿರುಗಿಸಲು ಒಪ್ಪಿಗೆ ಕೇಳುವುದು.

ಆದ್ದರಿಂದ ತಿಳಿದ ದಿನವೇ ಹಣ ಕಳುಹಿಸಿದ ಶಾಖೆಗೆ ಹೋಗಿ ಬರಹದಲ್ಲಿ ಅರ್ಜಿ ಕೊಡಬೇಕು, ಬಾಯಿಮಾತು ಸಾಲದು. ಅರ್ಜಿಯಲ್ಲಿ ದಿನಾಂಕ, ಮೊತ್ತ, ಹೋಗಬೇಕಾಗಿದ್ದ ಖಾತೆ, ಹೋಗಿರುವ ಖಾತೆ, ಐಎಫ್‌ಎಸ್‌ಸಿ ಸಂಕೇತ, ಹಾಗೂ ಆ ರವಾನೆಯ ಯುಟಿಆರ್ ಸಂಖ್ಯೆ ಇರಬೇಕು. ಯುಟಿಆರ್ ಸಂಖ್ಯೆಯಿಂದಲೇ ಎದುರು ಬ್ಯಾಂಕಿನವರು ಹಣದ ಜಾಡು ಹಿಡಿಯುವುದು. ಅರ್ಜಿಯ ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಬೇಕು. ತಡವಾದಷ್ಟೂ ಆ ಹಣ ಖರ್ಚಾಗಿ ಹೋಗುವ ಸಂಭವ ಹೆಚ್ಚು. ಬ್ಯಾಂಕು ಅರ್ಜಿಯನ್ನು ಮುಂದಕ್ಕೆ ಕಳುಹಿಸದೆ 30 ದಿನ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆದರೆ ಆ ದೂರು ಬ್ಯಾಂಕಿನ ಸೇವಾಲೋಪದ ಬಗೆಗೆ ಮಾತ್ರ. ರೈತರು ತಪ್ಪು ಸಂಖ್ಯೆ ಬರೆದದ್ದಕ್ಕೆ ಅಲ್ಲಿ ಪರಿಹಾರ ಸಿಗುವುದಿಲ್ಲ.

ಹಣ ಪಡೆದವರು ಒಪ್ಪದಿದ್ದರೆ? ತಪ್ಪಿನಿಂದ ಬಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 72ನೆಯ ಪ್ರಕರಣ ಹೇಳುತ್ತದೆ. ತಪ್ಪೆಂದು ತಿಳಿದ ಮೇಲೂ ಅಪ್ರಾಮಾಣಿಕತೆಯಿಂದ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೆಯ ಪ್ರಕರಣದಂತೆ ಅಪರಾಧವೂ ಆಗಬಹುದು. ಸಿವಿಲ್ ದಾವೆಗೆ 3 ವರ್ಷಗಳ ಕಾಲಮಿತಿಯಿದೆ. ಬ್ಯಾಂಕು ಕೊಡದ ಹೆಸರು, ವಿಳಾಸಗಳನ್ನು ನ್ಯಾಯಾಲಯ ಆದೇಶಿಸಿ ತರಿಸಬಲ್ಲದು. 12,000 ರೂಪಾಯಿಗೆ ದಾವೆಯ ಓಡಾಟ ದುಬಾರಿಯೆನಿಸಿದರೆ, ಮೊದಲು ಹೊಸಕೋಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ದಾವೆ ಹೂಡುವುದಕ್ಕೆ ಮುಂಚೆಯೇ ಇಂತಹ ವಿಷಯವನ್ನು ಲೋಕ ಅದಾಲತ್ತಿನ ಮುಂದಿಡಬಹುದು. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿದ ಮೇಲೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ.

ಈಗ ಹಣ ಕಳುಹಿಸುವ ಮೊದಲೇ ಪರೀಕ್ಷಿಸಲು ದಾರಿಯಿದೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೊಟ್ಟರೆ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು ನೆಫ್ಟ್ ಮತ್ತು ಆರ್‌ಟಿಜಿಎಸ್‌ಗೆ 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದೆ. ಇದಕ್ಕೆ ಶುಲ್ಕವಿಲ್ಲ. ಮೊಬೈಲಿನಲ್ಲಿ ಮಾತ್ರವಲ್ಲ, ಶಾಖೆಗೆ ಬಂದವರಿಗೂ ಇದು ದೊರೆಯಬೇಕು. ಚಲನ್ ಕೊಡುವಾಗ “ಈ ನಂಬರಿಗೆ ಯಾರ ಹೆಸರು ಬರುತ್ತೆ, ನೋಡಿ ಹೇಳಿ ಸಾರ್” ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಮೇಲಿನ ಬೆಳೆಗಾರರು ಹೀಗೆ ಕೇಳಿದ್ದರೆ ಚಾಕಿ ಕೇಂದ್ರದ ಬದಲು ಅಪರಿಚಿತ ಹೆಸರೊಂದು ಬಂದು, ತಪ್ಪು ಅಲ್ಲಿಯೇ ಗೊತ್ತಾಗುತ್ತಿತ್ತು.

ರೈತರ ಖಾತೆಗೇ ಗುರುತಿಲ್ಲದ ಹಣ ಬಂದು, ಯಾರೋ ದೂರವಾಣಿಯಲ್ಲಿ ವಾಪಸು ಕೇಳಿದರೆ, ಅವರು ಹೇಳಿದ ಸಂಖ್ಯೆಗೆ ತಾವಾಗಿ ಕಳುಹಿಸಬಾರದು. ಮೋಸಗಾರರೂ ಇದೇ ಮಾತಾಡುತ್ತಾರೆ. ತಮ್ಮ ಶಾಖೆಗೆ ಹೋಗಿ, ಹಣ ಯಾವ ಖಾತೆಯಿಂದ ಬಂದಿದೆಯೋ ಅದೇ ಖಾತೆಗೆ ಹಿಂದಿರುಗಿಸುವಂತೆ ಬರೆದುಕೊಡಬೇಕು.